ಎಸ್‌ಜಿಪಿಟಿ ಸರಿಯಿದೆ, ಲಿವರ್ ಸರಿಯಿಲ್ಲ

"ಭಾನುವಾರ ಕೋಳಿ ತಿಂದರೆ ಸೋಮವಾರ ಮಧ್ಯಾಹ್ನದವರೆಗೆ ಇದು ನಮ್ಮ ಚಿನ್ನುವೇ ಅಲ್ಲ ಡಾಕ್ಟ್ರೇ" ಎಂದು ಆ ತಾಯಿ ಹೇಳಿದಾಗ ಮರಿ ಅವರ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಎಂಟು ತಿಂಗಳ ಶಿಟ್ಜು ಹೆಣ್ಣುಮರಿ, ತೂಕ ಮೂರು ಕಿಲೋ ದಾಟಿರಲಿಲ್ಲ. ಜೊತೆಯಲ್ಲಿ ಹುಟ್ಟಿದ ಮರಿಗಳು ಅದರ ಒಂದೂವರೆಯಷ್ಟು ಬೆಳೆದಿದ್ದವಂತೆ. ಮಾಂಸ ತಿಂದ ಎರಡು ಮೂರು ಗಂಟೆಗೆ ಮಂಕಾಗುತ್ತದೆ, ಕೋಣೆಯಲ್ಲಿ ಸುತ್ತುತ್ತದೆ, ಗೋಡೆಗೆ ಹಣೆ ಒತ್ತಿಕೊಂಡು ನಿಂತುಬಿಡುತ್ತದೆ. ಮೊಸರನ್ನ ತಿಂದ ದಿನ ಚೆನ್ನಾಗಿಯೇ ಇರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಬೇರೆ ಕಡೆ ರಕ್ತಪರೀಕ್ಷೆ ಮಾಡಿಸಿದ್ದರು. ಆ ಕಾಗದದ ಮೇಲೆ ಪೆನ್ನಿನಲ್ಲಿ "ಎಲ್‌ಎಫ್‌ಟಿ ನಾರ್ಮಲ್, ಆಪರೇಷನ್ ಮಾಡಬಹುದು" ಎಂದು ಬರೆದಿತ್ತು.

ಬರೆದವರು ಅಂಕಿಗಳನ್ನು ತಪ್ಪಾಗಿ ಓದಿರಲಿಲ್ಲ. ಎಸ್‌ಜಿಪಿಟಿ 84, ಆ ಲ್ಯಾಬಿನ ಮೇಲ್ಮಿತಿ 100. ಆಲ್ಕಲೈನ್ ಫಾಸ್ಫಟೇಸ್ ಮಿತಿಗಿಂತ ತುಸು ಹೆಚ್ಚಿತ್ತು, ಮೂಳೆ ಬೆಳೆಯುವ ವಯಸ್ಸಿನಲ್ಲಿ ಅದು ಸಹಜ. ಅಂಕಿಗಳು ಸರಿಯಾಗಿಯೇ ಇದ್ದವು, ಆದರೆ ಅವು ಉತ್ತರ ಕೊಡುತ್ತಿದ್ದ ಪ್ರಶ್ನೆ ಬೇರೆಯಾಗಿತ್ತು.

ನಾವು 'ಲಿವರ್ ಫಂಕ್ಷನ್ ಟೆಸ್ಟ್' ಎಂದು ಕರೆಯುವ ಪರೀಕ್ಷೆಯಲ್ಲಿ ಎದ್ದು ಕಾಣುವ ಎಸ್‌ಜಿಪಿಟಿಗೂ ಯಕೃತ್ತಿನ ಕೆಲಸಕ್ಕೂ ನೇರ ಸಂಬಂಧವಿಲ್ಲ. ಎಸ್‌ಜಿಪಿಟಿ ಒಂದು ಕಿಣ್ವ. ಈಗ ಕೆಲವು ಲ್ಯಾಬುಗಳು ಅದನ್ನೇ ಎಎಲ್‌ಟಿ ಎಂದು ಬರೆಯುತ್ತವೆ. ಅದು ಯಕೃತ್ತಿನ ಜೀವಕೋಶಗಳ ಒಳಗೆ ಇರಬೇಕಾದ ವಸ್ತು. ಕೋಶದ ಪೊರೆಗೆ ಪೆಟ್ಟು ಬಿದ್ದರೆ ಸೋರಿ ರಕ್ತಕ್ಕೆ ಬರುತ್ತದೆ. ಪೆಟ್ಟು ವಿಷದಿಂದ ಆಗಿರಬಹುದು, ಇಲಿಜ್ವರದಿಂದ ಆಗಿರಬಹುದು, ಉಣ್ಣೆಜ್ವರದಿಂದಲೂ ಆಗಿರಬಹುದು. ಯಕೃತ್ತಿನ ಕೋಶಗಳು ನೋಯುತ್ತಿವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಉಳಿದ ಕೋಶಗಳು ತಮ್ಮ ಕೆಲಸ ಮಾಡುತ್ತಿವೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಸೋರಿದ ಎಸ್‌ಜಿಪಿಟಿ ನಾಯಿಯ ರಕ್ತದಲ್ಲಿ ಸುಮಾರು ಎರಡು ಮೂರು ದಿನಕ್ಕೆ ಅರ್ಧದಷ್ಟಾಗುತ್ತದೆ. ಹಾಗಾಗಿ ಒಂದೇ ಒಂದು ಸಲ ಬಿದ್ದ ಪೆಟ್ಟು ಎರಡು ಮೂರು ವಾರದಲ್ಲಿ ವರದಿಯಿಂದ ಮಾಯವಾಗಿಬಿಡಬಹುದು. ಇನ್ನೊಂದು ತುದಿಯಲ್ಲಿ, ವರ್ಷಗಟ್ಟಲೆ ಬೆಂದು ನಾರುಗಟ್ಟಿದ ಯಕೃತ್ತಿನಲ್ಲಿ ಸೋರಲು ಕೋಶಗಳೇ ಉಳಿದಿರುವುದಿಲ್ಲ. ಸಾಯಲು ಹೊರಟ ಯಕೃತ್ತಿನ ಎಸ್‌ಜಿಪಿಟಿ ಮಿತಿಯೊಳಗೇ ಇರುವುದನ್ನು ನೋಡಿದ್ದೇನೆ.

ಚಿನ್ನುವಿನ ವರದಿಯಲ್ಲಿ ಯಾರೂ ಗಮನಿಸದ ಸಾಲೊಂದಿತ್ತು. ಯೂರಿಯಾ ಬಹಳ ಕಡಿಮೆ. ಯೂರಿಯಾ ಏರಿದರೆ ಕಿಡ್ನಿ ಎಂದು ಎಲ್ಲರೂ ಗಾಬರಿಯಾಗುತ್ತಾರೆ, ಇಳಿದರೆ ಯಾರೂ ಕೇಳುವುದಿಲ್ಲ. ಕರುಳಿನಲ್ಲಿ ಮಾಂಸದ ಪ್ರೋಟೀನು ಕೊಳೆತಾಗ ಹುಟ್ಟುವ ಅಮೋನಿಯಾವನ್ನು ಯೂರಿಯಾ ಮಾಡಿ ಹೊರಗೆ ಕಳಿಸುವ ಕೆಲಸ ಯಕೃತ್ತಿನದು. ಆ ಕೆಲಸ ನಡೆಯದಿದ್ದರೆ ಯೂರಿಯಾ ಇಳಿಯುತ್ತದೆ, ಅಮೋನಿಯಾ ಮೆದುಳಿಗೆ ಏರುತ್ತದೆ. ಕೋಳಿ ತಿಂದ ದಿನ ಗೋಡೆಗೆ ತಲೆ ಒತ್ತುವ ಮರಿ, ಮೊಸರನ್ನದ ದಿನ ಆಟವಾಡುವ ಮರಿ, ತಗ್ಗಿದ ಯೂರಿಯಾ, ಬೆಳೆಯದ ಮೈ. ಇವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಅಲ್ಬುಮಿನ್ ಕೂಡ ಕಡಿಮೆಯಿತ್ತು, ಕೆಂಪು ರಕ್ತಕಣಗಳು ಗಾತ್ರದಲ್ಲಿ ಸಣ್ಣವಾಗಿದ್ದವು. ಆಪರೇಷನ್ ಮುಂದಕ್ಕೆ ಹಾಕಿ, ಪಿತ್ತಾಮ್ಲದ ಪರೀಕ್ಷೆ ಮಾಡೋಣ ಎಂದೆ. ಅರಿವಳಿಕೆಯ ಹಲವು ಔಷಧಿಗಳನ್ನು ಅರಗಿಸಬೇಕಾದದ್ದೂ ಇದೇ ಯಕೃತ್ತು. ಅದು ಕೈಕೊಟ್ಟರೆ ಮರಿ ಮೇಜಿನ ಮೇಲಿಂದ ಏಳುವುದೇ ಕಷ್ಟವಾಗುತ್ತದೆ.

ಪಿತ್ತಾಮ್ಲದ ಕಥೆಯನ್ನು ನಮ್ಮ ಊರಿನ ಹಾಲಿನ ಡೇರಿಯ ಕ್ಯಾನುಗಳಂತೆ ಯೋಚಿಸಿದರೆ ಸುಲಭ. ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲ ತಯಾರಿಸಿ ಪಿತ್ತಕೋಶದಲ್ಲಿ ಕೂಡಿಡುತ್ತದೆ. ಊಟವಾದಾಗ ಪಿತ್ತಕೋಶ ಹಿಂಡಿಕೊಂಡು ಅದನ್ನು ಕರುಳಿಗೆ ಬಿಡುತ್ತದೆ. ಕೊಬ್ಬನ್ನು ಕರಗಿಸಿ ಅದರ ಕೆಲಸ ಮುಗಿದ ಮೇಲೆ ಸಣ್ಣ ಕರುಳಿನ ಕೊನೆಯ ಭಾಗ ನೂರಕ್ಕೆ ತೊಂಬತ್ತೈದರಷ್ಟನ್ನು ಹೀರಿಕೊಂಡು ಪೋರ್ಟಲ್ ಸಿರೆ ಎಂಬ ದೊಡ್ಡ ರಕ್ತನಾಳದ ಮೂಲಕ ವಾಪಸು ಯಕೃತ್ತಿಗೆ ಕಳಿಸುತ್ತದೆ. ಯಕೃತ್ತು ಬಂದ ಕ್ಯಾನುಗಳನ್ನು ಬಾಗಿಲಲ್ಲೇ ಹಿಡಿದು ಮತ್ತೆ ತುಂಬಿಸಿ ಕಳಿಸುತ್ತದೆ. ಒಂದು ಊಟದಲ್ಲಿ ಈ ಸುತ್ತು ಹಲವು ಬಾರಿ ನಡೆಯುತ್ತದೆ. ಆರೋಗ್ಯವಂತ ನಾಯಿಯಲ್ಲಿ ಊಟದ ನಂತರವೂ ಕೆಲವೇ ಕ್ಯಾನುಗಳು ಕೈತಪ್ಪಿ ಊರ ಬೀದಿಗೆ, ಅಂದರೆ ಮೈಯ ರಕ್ತಕ್ಕೆ, ಬಂದಿರುತ್ತವೆ. ಬೀದಿ ತುಂಬ ಕ್ಯಾನುಗಳು ಉರುಳಾಡುತ್ತಿದ್ದರೆ ಕಾರಣ ಎರಡರಲ್ಲೊಂದು ಇರಬೇಕು. ಡೇರಿಯವರು ಹಿಡಿಯುತ್ತಿಲ್ಲ, ಇಲ್ಲವೇ ಕ್ಯಾನಿನ ಗಾಡಿ ಡೇರಿಗೆ ಹೋಗದೆ ಬೇರೆ ದಾರಿ ಹಿಡಿದಿದೆ. ಪಿತ್ತದ ನಾಳ ಕಟ್ಟಿಕೊಂಡಾಗಲೂ ಬೀದಿ ತುಂಬುತ್ತದೆ, ಆದರೆ ಆಗ ಸಾಮಾನ್ಯವಾಗಿ ಕಾಮಾಲೆ ಎದ್ದು ಕಾಣುತ್ತದೆ. ಯಕೃತ್ತಿನ ತೊಂದರೆಯಿಂದ ಬಿಲಿರುಬಿನ್ ಈಗಾಗಲೇ ಏರಿರುವ ನಾಯಿಗೆ ಪಿತ್ತಾಮ್ಲದ ಪರೀಕ್ಷೆ ಮಾಡಿಸುವುದು ದುಡ್ಡು ದಂಡ. ಅದು ಹೇಳಬೇಕಾದದ್ದನ್ನು ಹಳದಿ ಕಣ್ಣು ಮೊದಲೇ ಹೇಳಿದೆ.

ಪರೀಕ್ಷೆ ಸರಳ, ಆದರೆ ಮನೆಯವರ ಸಹಕಾರ ಬೇಕು. ದೊಡ್ಡ ನಾಯಿಯನ್ನು ಹನ್ನೆರಡು ಗಂಟೆ ಉಪವಾಸ ಇಡುತ್ತೇವೆ. ಮೂರು ಕಿಲೋ ಮರಿಗೆ ಅಷ್ಟು ಹೊತ್ತು ಹಸಿವು ತಡೆಯದು, ಸಕ್ಕರೆ ಇಳಿದುಹೋಗುತ್ತದೆ, ಆದ್ದರಿಂದ ಚಿನ್ನುವಿಗೆ ಎಂಟು ಗಂಟೆ ಸಾಕೆಂದೆ. ಬೆಳಿಗ್ಗೆ ಮೊದಲ ರಕ್ತ. ನಂತರ ಸ್ವಲ್ಪ ಕೊಬ್ಬಿರುವ ಆಹಾರ. ಸಣ್ಣ ನಾಯಿಗೆ ಎರಡು ಟೀ ಚಮಚದಷ್ಟಾದರೂ ಒಳಗೆ ಹೋಗಬೇಕು, ಇಲ್ಲದಿದ್ದರೆ ಪಿತ್ತಕೋಶ ಹಿಂಡಿಕೊಳ್ಳುವುದಿಲ್ಲ. ಸರಿಯಾಗಿ ಎರಡು ಗಂಟೆಗೆ ಎರಡನೆಯ ರಕ್ತ. ಇಲ್ಲಿ ಕೆಡುವುದು ಸಣ್ಣ ಸಣ್ಣ ವಿಷಯಗಳಿಂದ. ಅಜ್ಜಿ ಪಾಪ ಎಂದು ಮುಂಜಾನೆ ಒಂದು ಬಿಸ್ಕತ್ತು ಕೊಟ್ಟಿರುತ್ತಾರೆ. ಅಥವಾ ನಾಯಿ ಆಸ್ಪತ್ರೆಯ ಗಾಬರಿಯಲ್ಲಿ ಮೂಸಿ ಬಿಟ್ಟಿರುತ್ತದೆ. ಬೆಣ್ಣೆ ಹೆಚ್ಚು ಬಿದ್ದರೆ ರಕ್ತದ ಸೀರಮ್ ಹಾಲಿನಂತೆ ಬೆಳ್ಳಗಾಗಿ ಯಂತ್ರ ತಪ್ಪು ಅಂಕಿ ಕೊಡುತ್ತದೆ. ಪಿತ್ತಾಮ್ಲವನ್ನೇ ಔಷಧಿಯಾಗಿ, ಅಂದರೆ ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆಯಾಗಿ, ತೆಗೆದುಕೊಳ್ಳುತ್ತಿರುವ ನಾಯಿಯಲ್ಲಿ ಅಂಕಿ ಏರಿ ಕಾಣಬಹುದು. ಒಮ್ಮೊಮ್ಮೆ ಉಪವಾಸದ ಅಂಕಿಯೇ ಊಟದ ನಂತರದ ಅಂಕಿಗಿಂತ ಹೆಚ್ಚಿರುತ್ತದೆ. ರಾತ್ರಿ ಪಿತ್ತಕೋಶ ತಾನಾಗಿ ಹಿಂಡಿಕೊಂಡಿದ್ದರೆ ಹಾಗಾಗುವುದುಂಟು, ಲ್ಯಾಬಿನವರು ಬಾಟಲಿ ಅದಲು ಬದಲು ಮಾಡಿದ್ದಾರೆಂದು ಬೈಯಬೇಕಾಗಿಲ್ಲ. ಎರಡರಲ್ಲಿ ಹೆಚ್ಚಿನದನ್ನೇ ಲೆಕ್ಕಕ್ಕೆ ತೆಗೆದುಕೊಂಡರಾಯಿತು.

ಲ್ಯಾಬಿಂದ ಲ್ಯಾಬಿಗೆ ಮಿತಿ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ ಲೀಟರಿಗೆ ಇಷ್ಟು ಮೈಕ್ರೋಮೋಲ್ ಎಂಬ ಅಳತೆಯಲ್ಲಿ ಉಪವಾಸದಲ್ಲಿ ಸುಮಾರು 10ರ ಒಳಗೆ, ಊಟದ ನಂತರ 25ರ ಒಳಗೆ ಇರಬೇಕು. ಚಿನ್ನುವಿನದು ಉಪವಾಸದಲ್ಲಿ 31, ಊಟದ ನಂತರ 148.

ಕೋಶಗಳು ನೋಯುತ್ತಿಲ್ಲ, ಆದರೆ ಕ್ಯಾನುಗಳು ಬೀದಿಯಲ್ಲಿವೆ. ಮರಿಯ ವಯಸ್ಸು, ತಳಿ, ಲಕ್ಷಣ ಎಲ್ಲ ಸೇರಿದರೆ ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಷಂಟ್, ಅಂದರೆ ಹುಟ್ಟಿನಿಂದಲೇ ಇರುವ ಅಡ್ಡದಾರಿ ರಕ್ತನಾಳ. ಕರುಳಿನ ರಕ್ತ ಯಕೃತ್ತಿನೊಳಗೆ ಹೋಗದೆ ಆ ಅಡ್ಡನಾಳದಲ್ಲಿ ನೇರವಾಗಿ ಹೃದಯದ ಕಡೆಯ ಮಹಾಸಿರೆಗೆ ಸೇರಿಬಿಡುತ್ತದೆ. ಯಾರ್ಕ್‌ಶೈರ್ ಟೆರಿಯರ್, ಪಗ್, ಮಾಲ್ಟೀಸ್, ಶಿಟ್ಜು ಮುಂತಾದ ಪುಟ್ಟ ತಳಿಗಳಲ್ಲಿ ಇದು ಯಕೃತ್ತಿನ ಹೊರಗೆ ಇರುವುದೇ ಹೆಚ್ಚು, ದೊಡ್ಡ ತಳಿಗಳಲ್ಲಿ ಯಕೃತ್ತಿನ ಒಳಗೆ. ಪೋರ್ಟಲ್ ರಕ್ತ ಸಿಗದ ಯಕೃತ್ತು ಬೆಳೆಯುವುದಿಲ್ಲ, ಆದರೆ ಅದರ ಕೋಶಗಳು ಒಡೆದು ಸೋರುವುದೂ ಇಲ್ಲ. ಅದಕ್ಕೇ ಎಸ್‌ಜಿಪಿಟಿ 84. ಮಾಲ್ಟೀಸ್ ತಳಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಯಾವ ಕಾಯಿಲೆಯೂ ಇಲ್ಲದ ಮಾಲ್ಟೀಸ್‌ಗಳಲ್ಲೂ ಊಟದ ನಂತರದ ಅಂಕಿ ಮಿತಿ ದಾಟುವುದಿದೆ. ಅಂಕಿ ನೋಡಿ ಷಂಟ್ ಎಂದು ಹಣೆಪಟ್ಟಿ ಹಚ್ಚುವ ಮುನ್ನ ನಾಯಿಯನ್ನು ನೋಡಬೇಕು.

ಪಿತ್ತಾಮ್ಲ ಇಷ್ಟು ಹೇಳಿ ಸುಮ್ಮನಾಗುತ್ತದೆ. ಕೆಲಸ ಕೆಟ್ಟಿದೆ ಎನ್ನುತ್ತದೆ, ಏಕೆ ಎನ್ನುವುದಿಲ್ಲ. ಇಲ್ಲಿಂದ ಮುಂದಕ್ಕೆ ಕಣ್ಣು ಬೇಕು, ಆ ಕಣ್ಣು ಅಲ್ಟ್ರಾಸೌಂಡ್. ಹೊಟ್ಟೆಯ ಕೂದಲು ಬೋಳಿಸಿ, ಜೆಲ್ ಹಚ್ಚಿ, ಬಲಗಡೆಯ ಪಕ್ಕೆಲುಬುಗಳ ನಡುವಿನಿಂದ ನೋಡಿದೆವು. ಯಕೃತ್ತು ಪಕ್ಕೆಲುಬಿನ ಕೆಳಗೆ ಮುದುಡಿಕೊಂಡಿತ್ತು, ಹೊಟ್ಟೆಯ ಗಾಳಿ ಅದರ ಮುಂದೆ ಪರದೆ ಕಟ್ಟುತ್ತಿತ್ತು. ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಅಂಕುಡೊಂಕಾದ ನಾಳವೊಂದು ಮಹಾಸಿರೆಗೆ ಸೇರುವ ಜಾಗ ಸಿಕ್ಕಿತು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದಾಗ ಅಲ್ಲಿ ಹೊಳೆ ಸೇರುವ ಕಡೆ ನೀರು ಸುಳಿಯುವಂತೆ ಕೆಂಪು ನೀಲಿ ಬೆರೆತು ತಿರುಗುತ್ತಿತ್ತು. ಮೂತ್ರಕೋಶದಲ್ಲಿ ಮರಳಿನಂಥ ಹೊಳೆಯುವ ಕಣಗಳಿದ್ದವು, ಒಂದು ಪುಟ್ಟ ಕಲ್ಲೂ ಇತ್ತು. ಎಕ್ಸ್‌ರೇಯಲ್ಲಿ ಅಷ್ಟಾಗಿ ಕಾಣದ ಯೂರೇಟ್ ಕಲ್ಲು ಅದು, ಯಕೃತ್ತು ಬಿಟ್ಟುಬಿಟ್ಟ ಅಮೋನಿಯಾ ಮತ್ತು ಯೂರಿಕ್ ಆಮ್ಲ ಸೇರಿ ಕಟ್ಟುತ್ತದೆ. ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಳದಿ ಕಂದು ಬಣ್ಣದ ಹರಳುಗಳು ಉಮ್ಮತ್ತಿ ಕಾಯಿಯಂತೆ ಮುಳ್ಳು ಮುಳ್ಳಾಗಿದ್ದವು.

ನಾಳ ಕಂಡದ್ದು ನಮ್ಮ ಪುಣ್ಯ. ಅಲ್ಟ್ರಾಸೌಂಡ್ ನೋಡುವವರ ಕೈ ಮತ್ತು ತಾಳ್ಮೆಯ ಮೇಲೆ ನಿಂತ ಪರೀಕ್ಷೆ. ನಾಳ ಕಾಣಲಿಲ್ಲವೆಂದರೆ ಷಂಟ್ ಇಲ್ಲ ಎಂದಲ್ಲ, ಆಗ ಬಣ್ಣದ ಔಷಧಿ ಕೊಟ್ಟು ಸಿಟಿ ಸ್ಕ್ಯಾನ್ ಮಾಡಬೇಕಾಗುತ್ತದೆ. ಕೆಲವು ಮರಿಗಳಲ್ಲಿ ದೊಡ್ಡ ಅಡ್ಡದಾರಿ ಇರುವುದೇ ಇಲ್ಲ, ಯಕೃತ್ತಿನೊಳಗಿನ ಸೂಕ್ಷ್ಮ ನಾಳಗಳ ರಚನೆಯಲ್ಲೇ ಕೊರತೆಯಿರುತ್ತದೆ. ಅದನ್ನು ಯಾವ ಸ್ಕ್ಯಾನೂ ತೋರಿಸದು, ತುಣುಕು ತೆಗೆದು ಬಯಾಪ್ಸಿ ಮಾಡಿದರಷ್ಟೇ ಗೊತ್ತಾಗುತ್ತದೆ.

ಅದೇ ತಿಂಗಳು ಇದರ ಪೂರಾ ಉಲ್ಟಾ ಚಿತ್ರವೊಂದು ಬಂತು. ಹತ್ತು ವರ್ಷದ ಲ್ಯಾಬ್ರಡಾರ್, ಮನೆಯವರು ಕಣ್ಣೀರು ಹಾಕಿಕೊಂಡೇ ಒಳಗೆ ಬಂದರು. "ಲಿವರ್ ಹೋಗ್ಬಿಟ್ಟಿದೆಯಂತೆ, ಇನ್ನು ಹೆಚ್ಚು ದಿನ ಇಲ್ಲವಂತೆ." ಆಲ್ಕಲೈನ್ ಫಾಸ್ಫಟೇಸ್ 1,340, ಮಿತಿಯ ಒಂಬತ್ತು ಪಟ್ಟು. ಎಸ್‌ಜಿಪಿಟಿ 160. ನಾಯಿ ಬಾಲ ಅಲ್ಲಾಡಿಸುತ್ತಿತ್ತು, ಹಸಿವು ವಿಪರೀತ, ನೀರು ಕುಡಿಯುವುದು ವಿಪರೀತ, ಹೊಟ್ಟೆ ಮಡಕೆಯಂತೆ. ಕೇಳಿದಾಗ ತಿಳಿಯಿತು, ಚರ್ಮದ ತುರಿಕೆಗೆಂದು ಒಂದು ವರ್ಷದಿಂದ ತಿಂಗಳಿಗೊಂದು ಇಂಜೆಕ್ಷನ್ ಕೊಡಿಸುತ್ತಿದ್ದರು. ಅದು ಸ್ಟೀರಾಯ್ಡ್.

ಇಲ್ಲಿ ನಾಯಿಯದೇ ಆದ ವಿಶೇಷವೊಂದಿದೆ. ಸ್ಟೀರಾಯ್ಡ್ ಮೈಗೆ ಸೇರಿದರೆ ನಾಯಿಯ ಯಕೃತ್ತು ಆಲ್ಕಲೈನ್ ಫಾಸ್ಫಟೇಸ್‌ನ ಬೇರೆಯೇ ಒಂದು ರೂಪವನ್ನು ತಯಾರಿಸಲು ತೊಡಗುತ್ತದೆ, ಮನುಷ್ಯರಲ್ಲಿ ಹೀಗಾಗುವುದಿಲ್ಲ. ಕೋಶ ಒಡೆದು ಸೋರಿದ್ದಲ್ಲ, ಕಾರ್ಖಾನೆ ಹೆಚ್ಚುವರಿ ಪಾಳಿ ನಡೆಸಿದ್ದು. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್ ಮಾತ್ರೆಯಿಂದಲೂ ಈ ಕಿಣ್ವ ಏರುತ್ತದೆ. ಆದ್ದರಿಂದ ಬರೇ ಇದೊಂದು ಸಾವಿರ ದಾಟಿದೆ ಎಂದರೆ ಯಕೃತ್ತು ಸಾಯುತ್ತಿದೆ ಎಂದರ್ಥವಲ್ಲ. ಆ ಲ್ಯಾಬ್ರಡಾರಿನ ಪಿತ್ತಾಮ್ಲ ಉಪವಾಸದಲ್ಲಿ 6, ಊಟದ ನಂತರ 17. ಸ್ಕ್ಯಾನಿನಲ್ಲಿ ಯಕೃತ್ತು ಊದಿ ದೊಡ್ಡದಾಗಿತ್ತು, ಎಲ್ಲೆಡೆ ಬೆಳ್ಳಗೆ ಹೊಳೆಯುತ್ತಿತ್ತು, ಅಂಚು ಮಾತ್ರ ನಯವಾಗಿತ್ತು. ಇಂಜೆಕ್ಷನ್ ನಿಲ್ಲಿಸಿ, ದಿಢೀರನೆ ನಿಂತರೆ ನಾಯಿಯ ಸ್ವಂತ ಗ್ರಂಥಿ ತಡವರಿಸುತ್ತದೆಂದು ಸಣ್ಣ ಪ್ರಮಾಣದ ಮಾತ್ರೆಯನ್ನು ವಾರವಾರಕ್ಕೆ ಇಳಿಸುತ್ತ ಬಂದೆವು. ಕಿಣ್ವ ಕೆಳಗಿಳಿಯಲು ಕೆಲವು ತಿಂಗಳೇ ಬೇಕಾಯಿತು.

ಅದರ ಸ್ಕ್ಯಾನಿನಲ್ಲಿ ಎರಡು ಸಣ್ಣ ಗಂಟುಗಳೂ ಕಂಡಿದ್ದವು. ಗಂಟು ಎಂದ ಕೂಡಲೇ ಮನೆಯವರ ಮುಖ ಮತ್ತೆ ಬಾಡಿತು. ವಯಸ್ಸಾದ ನಾಯಿಗಳ ಯಕೃತ್ತಿನಲ್ಲಿ ಏನೂ ಮಾಡದ ಗಂಟುಗಳು ತೀರಾ ಸಾಮಾನ್ಯ, ಕ್ಯಾನ್ಸರಿನ ಗಂಟೂ ಸ್ಕ್ಯಾನಿನಲ್ಲಿ ಕೆಲವು ಸಲ ಅದೇ ರೀತಿ ಕಾಣುತ್ತದೆ. ನೋಟದಿಂದ ತೀರ್ಪು ಕೊಡಲಾಗದು. ಸೂಜಿ ಹಾಕಿ ಕೋಶ ತೆಗೆಯಬೇಕು, ಇಲ್ಲವೇ ಒಂದೆರಡು ತಿಂಗಳು ಬಿಟ್ಟು ಮತ್ತೆ ಅಳೆಯಬೇಕು. ನಾವು ಅಳೆದೆವು, ಬೆಳೆದಿರಲಿಲ್ಲ.

ಹಾಗಾದರೆ ಪಿತ್ತಾಮ್ಲ ಸರಿಯಿದ್ದರೆ ನಿಶ್ಚಿಂತೆಯೇ? ಖಂಡಿತ ಇಲ್ಲ, ಈ ತಪ್ಪನ್ನು ನಾನೂ ಮೊದಲ ವರ್ಷಗಳಲ್ಲಿ ಮಾಡಿದ್ದೇನೆ. ಯಕೃತ್ತಿಗೆ ಮೀಸಲು ಶಕ್ತಿ ಬಹಳ. ಅದರ ಬಹುಪಾಲು ಕೆಟ್ಟ ಮೇಲೆಯೇ ಪಿತ್ತಾಮ್ಲ ಏರುತ್ತದೆ. ಲ್ಯಾಬ್ರಡಾರ್ ತಳಿಯಲ್ಲಿ ಯಕೃತ್ತಿನ ಕೋಶಗಳಲ್ಲಿ ತಾಮ್ರ ಜಮೆಯಾಗಿ ನಿಧಾನಕ್ಕೆ ಉರಿಯೂತವಾಗುವ ಕಾಯಿಲೆಯೊಂದಿದೆ. ನಾಯಿ ಓಡಾಡಿಕೊಂಡಿರುತ್ತದೆ, ಪಿತ್ತಾಮ್ಲ ಸರಿಯಿರುತ್ತದೆ, ಸ್ಕ್ಯಾನಿನಲ್ಲೂ ಯಕೃತ್ತು ಸಹಜವಾಗಿ ಕಾಣಬಹುದು, ಎಸ್‌ಜಿಪಿಟಿಯೊಂದೇ ತಿಂಗಳುಗಟ್ಟಲೆ ಮಿತಿಯ ಎರಡು ಮೂರು ಪಟ್ಟು ನಿಂತಿರುತ್ತದೆ. ಇಂಥ ನಾಯಿಯಲ್ಲಿ ನಂಬಬೇಕಾದದ್ದು ಎಸ್‌ಜಿಪಿಟಿಯನ್ನೇ. ಒಂದೆರಡು ತಿಂಗಳಲ್ಲಿ ಎರಡು ಮೂರು ಸಲ ನೋಡಿದರೂ ಇಳಿಯಲಿಲ್ಲವೆಂದರೆ ಬಯಾಪ್ಸಿ ಮಾಡಿಸಿ ತಾಮ್ರ ಅಳೆಯಬೇಕು, ಆಗ ತಾಮ್ರವನ್ನು ಹೊರಹಾಕುವ ಔಷಧಿ ಇದೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಸ್ವಲ್ಪವೇ. ಈ ಹೊತ್ತಿನಲ್ಲಿ ಲಿವರ್ ಟಾನಿಕ್ ಬಾಟಲಿ ಕೊಟ್ಟು "ಮೂರು ತಿಂಗಳು ಕುಡಿಸಿ" ಎಂದು ಕಳಿಸುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಆ ಮೂರು ತಿಂಗಳು ವಾಪಸು ಬರುವುದಿಲ್ಲ.

ಸ್ಕ್ಯಾನ್ ಮೊದಲೇ ಓಡಬೇಕಾದ ಸಂದರ್ಭ ಒಂದಿದೆ. ನಡುವಯಸ್ಸು ದಾಟಿದ ನಾಯಿ ವಾಂತಿ ಮಾಡುತ್ತಿದೆ, ಹೊಟ್ಟೆ ಮುಟ್ಟಗೊಡುವುದಿಲ್ಲ, ಕಿಣ್ವಗಳೂ ಬಿಲಿರುಬಿನ್ನೂ ಏರಿವೆ. ಪಿತ್ತಕೋಶದೊಳಗೆ ಲೋಳೆ ಗಟ್ಟಿಯಾಗಿ ತುಂಬಿಕೊಂಡು ಅಡ್ಡಡ್ಡ ಕೊಯ್ದ ಕಿವಿ ಹಣ್ಣಿನಂತೆ ಕಾಣುವ ಮ್ಯೂಕೊಸೀಲ್ ಇದ್ದರೆ ಅದು ಒಡೆಯಬಹುದು, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ರಕ್ತದ ಯಾವ ಅಂಕಿಯೂ ಇದನ್ನು ಹೇಳಲಾರದು. ಆದರೆ ಪಿತ್ತಕೋಶದ ತಳದಲ್ಲಿ ಸ್ವಲ್ಪ ಗಸಿ ಕುಳಿತಿದೆ ಎಂದು ವರದಿಯಲ್ಲಿದ್ದರೆ ಹೆದರಬೇಡಿ. ಆರೋಗ್ಯವಂತ ನಾಯಿಗಳಲ್ಲೂ ಅದು ಕಾಣುತ್ತದೆ, ನಾಯಿ ಮಗ್ಗುಲು ಬದಲಿಸಿದಾಗ ಗಸಿಯೂ ಜರುಗುತ್ತದೆ. ಮ್ಯೂಕೊಸೀಲ್ ಜರುಗುವುದಿಲ್ಲ.

ಚಿನ್ನುವಿಗೆ ಲ್ಯಾಕ್ಟುಲೋಸ್ ಸಿರಪ್, ಕರುಳಿನ ಬ್ಯಾಕ್ಟೀರಿಯಾ ತಗ್ಗಿಸಲು ಆ್ಯಂಟಿಬಯಾಟಿಕ್ ಶುರುಮಾಡಿದೆವು. ಮಾಂಸ ನಿಲ್ಲಿಸಿ ಮೊಸರು, ಪನೀರ್, ಅನ್ನದ ಮೇಲೆ ಇಟ್ಟೆವು. ಪ್ರೋಟೀನನ್ನು ಪೂರಾ ತೆಗೆದುಬಿಟ್ಟರೆ ಬೆಳೆಯುವ ಮರಿ ಸೊರಗುತ್ತದೆ. ಮಾಂಸದ ಪ್ರೋಟೀನಿಗಿಂತ ಹಾಲಿನ ಪ್ರೋಟೀನನ್ನು ಇಂಥ ನಾಯಿಗಳು ಚೆನ್ನಾಗಿ ತಾಳಿಕೊಳ್ಳುತ್ತವೆ. ಆ ತಾಯಿ ತಿಳಿಯದೆಯೇ ಸರಿಯಾದ ಪಥ್ಯ ಕಂಡುಕೊಂಡಿದ್ದರು. ಎರಡು ವಾರದಲ್ಲಿ ಗೋಡೆಗೆ ತಲೆ ಒತ್ತುವುದು ನಿಂತಿತು. ಆಮೇಲೆ ಸಿಟಿ ಸ್ಕ್ಯಾನ್, ನಂತರ ಶಸ್ತ್ರಚಿಕಿತ್ಸೆ. ಅಡ್ಡನಾಳದ ಸುತ್ತ ಒಂದು ಉಂಗುರ ಹಾಕುತ್ತಾರೆ, ಅದರ ಒಳಪದರ ತೇವ ಹೀರಿ ಮೆಲ್ಲಗೆ ಊದಿ ವಾರಗಳಲ್ಲಿ ನಾಳವನ್ನು ಮುಚ್ಚುತ್ತದೆ. ಒಮ್ಮೆಗೇ ಕಟ್ಟಿಬಿಟ್ಟರೆ ಆ ರಕ್ತವನ್ನೆಲ್ಲ ಪುಟ್ಟ ಯಕೃತ್ತು ತಡೆದುಕೊಳ್ಳಲಾರದು, ಕರುಳಿನ ನಾಳಗಳಲ್ಲಿ ಒತ್ತಡ ಏರಿ ಜೀವಕ್ಕೇ ಕುತ್ತು. ಆರು ತಿಂಗಳ ನಂತರ ಊಟದ ಮೇಲಿನ ಪಿತ್ತಾಮ್ಲ 34ಕ್ಕೆ ಬಂದಿತ್ತು. ಮಿತಿಗಿಂತ ಇನ್ನೂ ಹೆಚ್ಚೇ, ಶಸ್ತ್ರಚಿಕಿತ್ಸೆಯಾದ ಹಲವು ನಾಯಿಗಳಲ್ಲಿ ಹೀಗೆ ಸ್ವಲ್ಪ ಉಳಿಯುತ್ತದೆ. ಸ್ಕ್ಯಾನಿನಲ್ಲಿ ಯಕೃತ್ತು ಬೆಳೆದಿತ್ತು, ತೂಕ ನಾಲ್ಕೂವರೆ ಕಿಲೋ.

ನಿಮ್ಮ ನಾಯಿಯ ಲಿವರ್ ವರದಿ ಹಿಡಿದು ವೈದ್ಯರ ಬಳಿ ಹೋಗುವಾಗ ಹಳೆಯ ವರದಿಗಳನ್ನೂ, ಕಳೆದ ಒಂದು ವರ್ಷದಲ್ಲಿ ಕೊಡಿಸಿದ ಇಂಜೆಕ್ಷನ್ ಮಾತ್ರೆಗಳ ಚೀಟಿಗಳನ್ನೂ ಜೊತೆಗೆ ಒಯ್ಯಿರಿ. ನಾಯಿ ಯಾವ ಊಟದ ನಂತರ ಹೇಗಿರುತ್ತದೆ ಎಂಬುದನ್ನು ಒಂದು ವಾರ ಬರೆದಿಟ್ಟು ಅದನ್ನೂ ತೋರಿಸಿ.